ವಾರಂಟಿ ಕಾರ್ಡಿನ ಕನ್ನಡದಲ್ಲಿ "ಯಾರು" ಅನ್ನೋರೇ ಇಲ್ಲ

1/10

"ದೋಷಯುಕ್ತ ಭಾಗವನ್ನು ಉಚಿತವಾಗಿ ಬದಲಾಯಿಸಿಕೊಡಲಾಗುವುದು."

ಫ್ರಿಜ್, ಮಿಕ್ಸಿ, ವಾಷಿಂಗ್ ಮಷೀನ್, ಯಾವುದರ ಜೊತೆ ಬಂದ ಕನ್ನಡ ವಾರಂಟಿ ಕಾರ್ಡ್ ತೆಗೆದರೂ ಈ ಥರದ ಒಂದು ಸಾಲು ಸಿಗುತ್ತೆ. ವ್ಯಾಕರಣ ಸರಿ ಇದೆ. ಕಾಗುಣಿತ ಸರಿ ಇದೆ. ಈಗ ಒಂದೇ ಒಂದು ಪ್ರಶ್ನೆ ಕೇಳಿ ನೋಡಿ: ಬದಲಾಯಿಸಿಕೊಡೋರು ಯಾರು?

ಸಾಲಿನಲ್ಲಿ ಉತ್ತರ ಇಲ್ಲ. ಮಾಡಿದ ಕಂಪನಿಯಾ, ಮಾರಿದ ಅಂಗಡಿಯಾ, ರಿಪೇರಿಗೆ ಬರೋ ಸರ್ವಿಸ್ ಸೆಂಟರಾ? ವಸ್ತು ಚೆನ್ನಾಗಿ ಓಡ್ತಾ ಇರೋವರೆಗೂ ಈ ಪ್ರಶ್ನೆ ಯಾರಿಗೂ ಬೇಕಾಗಲ್ಲ. ಕೆಟ್ಟ ದಿನ ಮಾತ್ರ ಇದೊಂದೇ ಪ್ರಶ್ನೆ ಉಳಿಯುತ್ತೆ.

ಕನ್ನಡದ ಷರತ್ತುಗಳ ಬಗ್ಗೆ ನಾವು ಸಾಮಾನ್ಯವಾಗಿ ಮಾಡೋ ದೂರು ಒಂದೇ: "ಭಾಷೆ ಕಷ್ಟ, ಯಾರಿಗೂ ಅರ್ಥ ಆಗಲ್ಲ." ನನ್ನ ದೂರು ಬೇರೆ. ಕಷ್ಟದ ಪದ ಇದ್ದರೆ ಪಕ್ಕದವರನ್ನ ಕೇಳಿ ತಿಳ್ಕೋಬಹುದು. ಆದರೆ ಇಂಗ್ಲಿಷ್‌ನಲ್ಲಿ ಒಬ್ಬರ ತಲೆ ಮೇಲೆ ಸ್ಪಷ್ಟವಾಗಿ ಕೂತಿದ್ದ ಹೊಣೆ ಕನ್ನಡಕ್ಕೆ ಬರುವಷ್ಟರಲ್ಲಿ ಯಾರ ಮೇಲೂ ಇಲ್ಲದಂತಾದರೆ, ಪಕ್ಕದವರೂ ಏನೂ ಮಾಡೋಕಾಗಲ್ಲ.

ನಮ್ಮ ಕ್ಲಾಸಿನಲ್ಲೇ ಕೆಲವರು ಈಗ ಪಾರ್ಟ್‌ಟೈಮ್ ಅನುವಾದದ ಕೆಲಸ ಹಿಡಿದಿದ್ದೀರಿ. ಆ್ಯಪ್‌ಗಳ ಷರತ್ತು, ವಾರಂಟಿ ಕಾರ್ಡ್, ಯೂಸರ್ ಮ್ಯಾನುಯಲ್ ಎಲ್ಲ ನಿಮ್ಮ ಕೈಗೆ ಬರ್ತಾ ಇದೆ. ಅದಕ್ಕೇ ಈ ಹತ್ತು ಕ್ಯಾಪ್ಷನ್. ಒಂದು ಫ್ರಿಜ್ಜಿನ ಕಾರ್ಡ್ ಹಿಡ್ಕೊಂಡು ಸಾಲು ಸಾಲಾಗಿ ನೋಡೋಣ. ಉದ್ದ ಇದೆ, ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ.

2/10

ಮೊದಲು ಕಾರ್ಡ್. ಇದು ಯಾವುದೇ ಒಂದು ಕಂಪನಿಯದ್ದಲ್ಲ. ಬಹಳಷ್ಟು ಕಾರ್ಡ್‌ಗಳಲ್ಲಿ ಬರುವಂಥ ಮಾತುಗಳನ್ನ ಸೇರಿಸಿ ನಾನೇ ಮಾಡಿಕೊಂಡ ಮಾದರಿ.

"ಖರೀದಿಯ ದಿನಾಂಕದಿಂದ ಒಂದು ವರ್ಷದೊಳಗೆ ದೋಷ ಕಂಡುಬಂದಲ್ಲಿ, ತನ್ನ ವಿವೇಚನೆಯಂತೆ ಭಾಗಗಳನ್ನು ಉಚಿತವಾಗಿ ದುರಸ್ತಿ ಅಥವಾ ಬದಲಾವಣೆ ಮಾಡಲಾಗುವುದು. ಕಂಪ್ರೆಸರ್‌ಗೆ 10 ವರ್ಷಗಳ ಖಾತರಿ ಇರುತ್ತದೆ. ಎಲ್ಲಾ ಪ್ಲಾಸ್ಟಿಕ್ ಮತ್ತು ಗಾಜಿನ ಭಾಗಗಳಿಗೆ ವಾರಂಟಿ ಅನ್ವಯಿಸುವುದಿಲ್ಲ. ಯಾವುದೇ ಪರಿಣಾಮಕಾರಿ ಹಾನಿಗಳಿಗೆ ಕಂಪನಿಯು ಜವಾಬ್ದಾರನಾಗಿರುವುದಿಲ್ಲ. ವ್ಯತ್ಯಾಸ ಕಂಡುಬಂದಲ್ಲಿ ಇಂಗ್ಲಿಷ್ ಆವೃತ್ತಿಯೇ ಅಂತಿಮ."

ಐದೇ ವಾಕ್ಯ. ಇಂಗ್ಲಿಷ್ ಮೂಲ ಏನು ಹೇಳುತ್ತೆ ಅಂತ ನಮ್ಮ ಮಾತಲ್ಲಿ ಹೇಳ್ತೀನಿ. ಖರೀದಿ ಮಾಡಿ ಒಂದು ವರ್ಷದ ಒಳಗೆ ತಯಾರಿಕೆಯ ದೋಷದಿಂದ ಭಾಗ ಕೆಟ್ಟರೆ ಕಂಪನಿ ದುಡ್ಡು ತಗೊಳ್ಳದೆ ಸರಿ ಮಾಡಬೇಕು. ರಿಪೇರಿಯೋ ಹೊಸ ಭಾಗವೋ ಅನ್ನೋದನ್ನ ಕಂಪನಿ ತೀರ್ಮಾನಿಸುತ್ತೆ. ಕಂಪ್ರೆಸರ್ ಅನ್ನೋ ಒಂದು ಭಾಗಕ್ಕೆ ಮಾತ್ರ 10 ವರ್ಷ. ಪ್ಲಾಸ್ಟಿಕ್, ಗಾಜು ಒಡೆದರೆ ಏನೂ ಸಿಗಲ್ಲ. ಫ್ರಿಜ್ ಕೆಟ್ಟಿದ್ದರಿಂದ ಬೇರೆ ಏನಾದರೂ ನಷ್ಟ ಆದರೆ ಅದಕ್ಕೆ ಕಂಪನಿ ಪರಿಹಾರ ಕೊಡಲ್ಲ.

ಮೂಲದ ಷರತ್ತು ಗ್ರಾಹಕರಿಗೆ ಅಷ್ಟೇನೂ ಉದಾರವಾಗಿಲ್ಲ, ನಿಜ. ಆದರೆ ಏನು ಸಿಗುತ್ತೆ, ಏನು ಸಿಗಲ್ಲ ಅನ್ನೋದಾದರೂ ಗೊತ್ತಾಗುತ್ತೆ. ಕನ್ನಡದ್ದು ಓದಿದರೆ ಐದು ವಾಕ್ಯಕ್ಕೂ ಎರಡೆರಡು ಅರ್ಥ ಹುಟ್ಟಿಕೊಂಡಿವೆ ಅಥವಾ ಬೇಕಾದ ಅರ್ಥವೇ ಮಾಯವಾಗಿದೆ. ಮುಂದಿನ ಕ್ಯಾಪ್ಷನ್‌ಗಳಲ್ಲಿ ಒಂದೊಂದೇ ಬಿಚ್ಚೋಣ.

3/10

ಮೊದಲ ರೋಗ: "ಲಾಗುವುದು".

ಮಾಡಲಾಗುವುದು, ನೀಡಲಾಗುವುದು, ಪರಿಗಣಿಸಲಾಗುವುದು. ಇದು ಕಚೇರಿ ಕನ್ನಡದ ಅಭ್ಯಾಸ. ಸರ್ಕಾರಿ ಪ್ರಕಟಣೆಯಲ್ಲಿ ಇದು ಹೇಗೋ ನಡೆಯುತ್ತೆ, ಯಾಕಂದ್ರೆ ಮೇಲ್ಗಡೆ ಇಲಾಖೆಯ ಹೆಸರಿರುತ್ತೆ. ಮಾಡೋರು ಆ ಇಲಾಖೆಯವರೇ ಅಂತ ಗೊತ್ತಾಗುತ್ತೆ.

ಫ್ರಿಜ್ಜಿನ ವಿಷಯದಲ್ಲಿ ಎದುರಿಗೆ ಮೂವರು ಇದ್ದಾರೆ. ತಯಾರಿಸಿದ ಕಂಪನಿ, ಮಾರಿದ ಡೀಲರ್, ರಿಪೇರಿ ಮಾಡೋ ಸರ್ವಿಸ್ ಸೆಂಟರ್. ಬೋರ್ಡಿನ ಮೇಲೆ ಕಂಪನಿಯ ಹೆಸರು ಇದ್ದರೂ ಸರ್ವಿಸ್ ಸೆಂಟರ್ ಎಷ್ಟೋ ಕಡೆ ಬೇರೆಯವರದ್ದೇ ವ್ಯವಹಾರ. ಕಾನೂನು ಕೂಡ ಇವರನ್ನ ಒಂದೇ ಅಂತ ನೋಡಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ತಯಾರಕರ ಹೊಣೆ ಸೆಕ್ಷನ್ 84, ಸೇವೆ ಕೊಡುವವರದ್ದು 85, ಮಾರಾಟಗಾರರದ್ದು 86. ಮೂವರಿಗೆ ಮೂರು ಸೆಕ್ಷನ್. ಕಾಯ್ದೆಯೇ ಇಷ್ಟು ಬಿಡಿಸಿ ಹೇಳಿರುವಾಗ ನಮ್ಮ ಅನುವಾದ ಮೂವರನ್ನೂ ಒಂದು "ಲಾಗುವುದು" ಒಳಗೆ ಮುಚ್ಚಿಡುತ್ತೆ. ಆಮೇಲೆ ಡೀಲರ್ "ಸರ್ವಿಸ್‌ನವರಿಗೆ ಫೋನ್ ಮಾಡಿ ಸರ್" ಅಂತಾನೆ, ಸರ್ವಿಸ್‌ನವರು "ಕಂಪನಿಯಿಂದ ಅಪ್ರೂವಲ್ ಬರಬೇಕು ಮೇಡಂ" ಅಂತಾರೆ. ಕಾರ್ಡ್ ತೋರಿಸಿ ಜಗಳ ಆಡೋಣ ಅಂದ್ರೆ ಕಾರ್ಡಿನಲ್ಲಿ ಯಾರ ಹೆಸರೂ ಇಲ್ಲ.

"ಕಂಡುಬಂದಲ್ಲಿ" ಕೂಡ ಅದೇ ಜಾತಿ. ದೋಷ ಯಾರಿಗೆ ಕಂಡುಬರಬೇಕು? ನಿಮಗಾ, ಟೆಕ್ನಿಷಿಯನ್‌ಗಾ? ನೀವು ಹನ್ನೊಂದನೇ ತಿಂಗಳ ಕೊನೇ ವಾರ ದೂರು ಕೊಟ್ಟು, ಟೆಕ್ನಿಷಿಯನ್ ಹದಿಮೂರನೇ ತಿಂಗಳಿಗೆ ಬಂದು ನೋಡಿದರೆ ದೋಷ ಒಂದು ವರ್ಷದೊಳಗೆ ಕಂಡುಬಂತಾ, ಇಲ್ವಾ?

ಮದ್ದು ಸರಳ. ಕರ್ತೃ ಹಾಕಿ: "ಒಂದು ವರ್ಷದೊಳಗೆ ನೀವು ದೂರು ಕೊಟ್ಟರೆ, ಭಾಗವನ್ನು ಸರಿ ಮಾಡಿಕೊಡುವುದು ಕಂಪನಿಯ ಹೊಣೆ." ಇಂಗ್ಲಿಷ್ ಮೂಲದಲ್ಲೇ ಕರ್ತೃ ಇಲ್ಲದಿದ್ದರೆ ಊಹೆ ಮಾಡಿ ತುಂಬಬೇಡಿ. ಕೆಲಸ ಕೊಟ್ಟವರಿಗೆ ಒಂದು ಮೇಲ್ ಹಾಕಿ ಕೇಳಿ.

4/10

"ತನ್ನ ವಿವೇಚನೆಯಂತೆ." ಈ ಎರಡಕ್ಷರದ "ತನ್ನ" ನೋಡಿ.

ಕನ್ನಡದಲ್ಲಿ "ತನ್ನ" ಅನ್ನೋದು ಒಂಟಿಯಾಗಿ ನಿಲ್ಲಲ್ಲ, ಅದಕ್ಕೆ ವಾಕ್ಯದ ಕರ್ತೃ ಬೇಕು. "ರವಿ ತನ್ನ ಬೈಕ್ ಮಾರಿದ" ಅಂದರೆ ಬೈಕ್ ರವಿಯದ್ದು, ಅನುಮಾನವೇ ಇಲ್ಲ. "ತನ್ನ ಬೈಕ್ ಮಾರಲಾಯಿತು" ಅಂದರೆ ಯಾರ ಬೈಕ್? ಕರ್ತೃವನ್ನ ತೆಗೆದ ಕೂಡಲೇ "ತನ್ನ" ಗಾಳಿಯಲ್ಲಿ ತೇಲುತ್ತೆ.

ಮಾದರಿ ಕಾರ್ಡಿನಲ್ಲಿ ಆಗಿರೋದು ಇದೇ. ಇಂಗ್ಲಿಷ್‌ನಲ್ಲಿ "ಅಟ್ ಇಟ್ಸ್ ಸೋಲ್ ಡಿಸ್ಕ್ರೀಷನ್" ಅಂತಿತ್ತು, ಹಿಂದೆಯೇ "ಕಂಪನಿ" ಅನ್ನೋ ಕರ್ತೃ ಇತ್ತು. ಅನುವಾದಕರು "ಇಟ್ಸ್"ಗೆ "ತನ್ನ" ಹಾಕಿದರು, ವಾಕ್ಯವನ್ನ ಮಾತ್ರ "ಮಾಡಲಾಗುವುದು" ಅಂತ ಮುಗಿಸಿದರು. ಈಗ ಗ್ರಾಹಕ "ವಿವೇಚನೆ ನಂದು, ನಂಗೆ ಹೊಸ ಡೋರೇ ಬೇಕು" ಅಂತಾನೆ. ಕಂಪನಿ "ವಿವೇಚನೆ ನಮ್ದು, ಹಳೇ ಡೋರಿಗೆ ರಬ್ಬರ್ ಹಾಕಿ ಕೊಡ್ತೀವಿ" ಅನ್ನುತ್ತೆ. ಕನ್ನಡ ವಾಕ್ಯ ಇಬ್ಬರಿಗೂ ಹೂಂ ಅನ್ನುತ್ತೆ.

ಇನ್ನೊಂದು ಕಡೆ ನಾನು ನೋಡಿರೋದು, ಈ ತುಂಡನ್ನ ಪೂರ್ತಿ ಬಿಟ್ಟೇಬಿಡೋದು. "ದುರಸ್ತಿ ಅಥವಾ ಬದಲಾವಣೆ" ಅಂತಷ್ಟೇ ಉಳಿಯುತ್ತೆ. ಓದೋಕೆ ಹಗುರ, ಗ್ರಾಹಕರ ಪರ ಅನ್ನಿಸುತ್ತೆ. ಆದರೆ ಆಯ್ಕೆ ತನಗಿದೆ ಅಂತ ನಂಬಿ ಅವರು ಫ್ರಿಜ್ ಕೊಂಡಿರ್ತಾರೆ. ಕಹಿ ಷರತ್ತನ್ನ ಸಿಹಿ ಮಾಡಿ ಕೊಡೋದು ಅನುವಾದಕರ ಕೆಲಸ ಅಲ್ಲ. ಅದು ಕಹಿ ಅಂತ ಓದುಗರಿಗೆ ಮೊದಲೇ ಗೊತ್ತಾಗಬೇಕು.

ನೇರವಾಗಿ ಬರೆದರೆ ಆಯ್ತು: "ರಿಪೇರಿ ಮಾಡುವುದೋ ಹೊಸ ಭಾಗ ಹಾಕುವುದೋ ಎಂಬುದನ್ನು ಕಂಪನಿ ತೀರ್ಮಾನಿಸುತ್ತದೆ. ಈ ಆಯ್ಕೆ ಗ್ರಾಹಕರಿಗೆ ಇಲ್ಲ." ಎರಡನೇ ವಾಕ್ಯ ಮೂಲದಲ್ಲಿ ಬೇರೆಯಾಗಿ ಇಲ್ಲ ಅಂತ ಕೆಲವರು ತಕರಾರು ಮಾಡ್ತಾರೆ. ಇದೆ. "ಸೋಲ್" ಅನ್ನೋ ಪದದ ಅರ್ಥವೇ ಅದು.

5/10

ಫ್ರಿಜ್ ಸ್ವಲ್ಪ ಪಕ್ಕಕ್ಕಿಟ್ಟು, ಆ್ಯಪ್‌ಗಳ ಸೇವಾ ಷರತ್ತಿಗೆ ಬರೋಣ. ಅಲ್ಲಿ ಹೆಚ್ಚು ಕಾಡೋದು "ಬಹುದು".

ಮೂರು ಸಾಲು ನೋಡಿ.
"ಸೇವೆಯಲ್ಲಿ ಅಡಚಣೆ ಉಂಟಾಗಬಹುದು."
"ಕಂಪನಿಯು ನಿಮ್ಮ ಖಾತೆಯನ್ನು ಸ್ಥಗಿತಗೊಳಿಸಬಹುದು."
"ನೀವು 30 ದಿನಗಳೊಳಗೆ ದೂರು ಸಲ್ಲಿಸಬಹುದು."

ಮೊದಲನೆಯದು ಸಾಧ್ಯತೆ. ಮಳೆ ಬರಬಹುದು ಅಂದ ಹಾಗೆ. ಎರಡನೆಯದು ಅಧಿಕಾರ. ಕಂಪನಿಗೆ ಹಾಗೆ ಮಾಡೋ ಹಕ್ಕಿದೆ, ನೀವು ಅದಕ್ಕೆ ಒಪ್ಪಿದ್ದೀರಿ ಅಂತ. ಆದರೆ ಮೊದಲನೆಯದರ ಪಕ್ಕದಲ್ಲೇ ಓದಿದಾಗ ಅದೂ ಮಳೆಯ ಮಾತಿನ ಹಾಗೇ ಕೇಳಿಸುತ್ತೆ, ಏನೋ ಅಪರೂಪಕ್ಕೆ ಆಗೋ ಸಂಗತಿ ಅನ್ನೋ ಥರ. ಮೂರನೆಯದು ಇನ್ನೂ ಅಪಾಯ. ಮೇಲ್ನೋಟಕ್ಕೆ ಅದು ಅನುಕೂಲ: ಬೇಕಾದರೆ ದೂರು ಕೊಡಿ, ಇಲ್ಲಾಂದ್ರೆ ಬಿಡಿ. ಮೂಲದಲ್ಲಿ ಅದು ಗಡುವು ಆಗಿದ್ದರೆ? 31ನೇ ದಿನ ಹೋದರೆ ಬಾಗಿಲು ಮುಚ್ಚಿದೆ ಅನ್ನೋ ವಿಷಯ "ಬಹುದು" ಹೇಳಲೇ ಇಲ್ಲ.

ಇಂಗ್ಲಿಷ್‌ನ "ಮೇ"ಗೂ ಇದೇ ಕಾಯಿಲೆ ಇದೆ ನಿಜ. ಆದರೆ ಮೂಲ ಬರೆದ ವಕೀಲರು ಆಸುಪಾಸಿನ ಪದಗಳಿಂದ ಅದನ್ನ ಬಿಗಿ ಮಾಡಿರ್ತಾರೆ. ನಾವು "ಬಹುದು" ಹಾಕಿ, ಆ ಬಿಗಿಯನ್ನ ಸಡಿಲ ಬಿಡ್ತೀವಿ.

ನಾನು ಇಟ್ಕೊಂಡಿರೋ ನಿಯಮ ಹೀಗಿದೆ. ಸಾಧ್ಯತೆಗೆ ಮಾತ್ರ "ಬಹುದು". ಅಧಿಕಾರಕ್ಕೆ "ಹಕ್ಕು ಕಂಪನಿಗೆ ಇದೆ". ಕಡ್ಡಾಯಕ್ಕೆ "ಬೇಕು" ಅಥವಾ "ಹೊಣೆ". ಗಡುವಿಗೆ ಎರಡು ವಾಕ್ಯ: "30 ದಿನಗಳೊಳಗೆ ದೂರು ಕೊಡಬೇಕು. ಆಮೇಲೆ ಕೊಟ್ಟ ದೂರನ್ನು ಕಂಪನಿ ತೆಗೆದುಕೊಳ್ಳುವುದಿಲ್ಲ." ನಮ್ಮ ಕಾಯ್ದೆಗಳ ಕನ್ನಡದಲ್ಲಿ ಕಡ್ಡಾಯಕ್ಕೆ "ತಕ್ಕದ್ದು" ಬಳಸ್ತಾರೆ, ಅದಕ್ಕೆ ಒಂದೇ ಅರ್ಥ, ತಪ್ಪಿಲ್ಲ. ಆದರೆ ವಾರಂಟಿ ಕಾರ್ಡ್ ಓದೋರು ವಕೀಲರಲ್ಲ. ಅದಕ್ಕೇ ನಂದು "ಬೇಕು" ಪಕ್ಷ.

6/10

ಮತ್ತೆ ಫ್ರಿಜ್. "ಕಂಪ್ರೆಸರ್‌ಗೆ 10 ವರ್ಷಗಳ ಖಾತರಿ ಇರುತ್ತದೆ."

ಇಲ್ಲಿ ಎರಡು ತೊಂದರೆ. ಮೊದಲನೆಯದು ಪದದ್ದು. ಪ್ಲಾಸ್ಟಿಕ್, ಗಾಜಿನ ಸಾಲಿನಲ್ಲಿ "ವಾರಂಟಿ" ಅಂದವರು ಇಲ್ಲಿ "ಖಾತರಿ" ಅಂದಿದ್ದಾರೆ. ಶಾಲೆಯ ಪ್ರಬಂಧದಲ್ಲಿ ಒಂದೇ ಪದ ಪದೇ ಪದೇ ಬರಬಾರದು ಅಂತ ಮೇಷ್ಟ್ರು ಹೇಳಿಕೊಟ್ಟಿರ್ತಾರೆ. ಕರಾರು ಪತ್ರದಲ್ಲಿ ಉಲ್ಟಾ: ಪದ ಬದಲಾದರೆ ವಿಷಯವೂ ಬದಲಾಗಿದೆ ಅಂತಲೇ ಓದೋರು ತಿಳ್ಕೋತಾರೆ. ನಮ್ಮ ಅಂಗಡಿ ಬೀದಿಯಲ್ಲಿ "ವಾರಂಟಿ ಅಂದ್ರೆ ರಿಪೇರಿ, ಗ್ಯಾರಂಟಿ ಅಂದ್ರೆ ಹೊಸದು" ಅನ್ನೋ ಲೆಕ್ಕ ಎಲ್ಲರ ಬಾಯಲ್ಲೂ ಇದೆ. "ಖಾತರಿ" ಅಂದರೆ ಅರ್ಧಕ್ಕರ್ಧ ಜನ ಗ್ಯಾರಂಟಿ ಅಂತಲೇ ಓದ್ತಾರೆ. ವಾರಂಟಿಯನ್ನ ವಾರಂಟಿ ಅಂತಲೇ ಕೊನೇವರೆಗೂ ಬರೀರಿ. ಅದು ಕನ್ನಡ ಅಲ್ಲ ಅನ್ನೋರು ಹೇಳಲಿ, ಅರ್ಥ ಒಂದೇ ಇರುತ್ತೆ.

ಎರಡನೆಯದು ದುಡ್ಡಿನದ್ದು. ನಾಲ್ಕನೇ ವರ್ಷ ಕಂಪ್ರೆಸರ್ ಹೋಯ್ತು ಅಂದ್ಕೊಳ್ಳಿ. ಕಾರ್ಡ್ ನೋಡಿ "10 ವರ್ಷ ಇದೆಯಲ್ಲ" ಅಂತ ನಿರಾಳ ಆಗ್ತೀರಿ. ಬಿಲ್ ಬರುತ್ತೆ. ಕಂಪ್ರೆಸರ್ ಫ್ರೀ. ಗ್ಯಾಸ್ ತುಂಬಿದ್ದಕ್ಕೆ ಬೇರೆ. ಬಿಚ್ಚಿ ಕೂರಿಸಿದ ಕೂಲಿ ಬೇರೆ. ಟೆಕ್ನಿಷಿಯನ್ ಬಂದಿದ್ದಕ್ಕೆ ಬೇರೆ. ಎಷ್ಟೋ ಕಾರ್ಡ್‌ಗಳಲ್ಲಿ ಮೊದಲ ವರ್ಷ ಕಳೆದ ಮೇಲೆ ಕಂಪ್ರೆಸರ್‌ನ ಬೆಲೆ ಮಾತ್ರ ಕಂಪನಿಯದ್ದು, ಉಳಿದದ್ದೆಲ್ಲ ನಿಮ್ಮದು. ಇಂಗ್ಲಿಷ್‌ನಲ್ಲಿ ಸಣ್ಣ ಅಕ್ಷರದಲ್ಲಾದರೂ ಆ ಪಟ್ಟಿ ಇರುತ್ತೆ. ಕನ್ನಡದಲ್ಲಿ ಜಾಗ ಸಾಲಲಿಲ್ಲ ಅಂತ ಪಟ್ಟಿ ಹಾರಿಹೋಗುತ್ತೆ.

"ಮಾತ್ರ" ಎಲ್ಲಿ ಕೂರುತ್ತೆ ಅನ್ನೋದನ್ನೂ ನೋಡ್ಕೋಬೇಕು. "ಕಂಪ್ರೆಸರ್‌ಗೆ 10 ವರ್ಷ ಮಾತ್ರ ವಾರಂಟಿ" ಅಂದರೆ ಹನ್ನೊಂದನೇ ವರ್ಷ ಇಲ್ಲ ಅಂತ. "ಕಂಪ್ರೆಸರ್‌ಗೆ ಮಾತ್ರ 10 ವರ್ಷ ವಾರಂಟಿ" ಅಂದರೆ ಬೇರೆ ಭಾಗಕ್ಕೆ ಇಲ್ಲ ಅಂತ. ಮೂಲದ ಉದ್ದೇಶ ಎರಡನೆಯದು. "ಮಾತ್ರ" ಯಾವುದನ್ನ ಹಿಡೀಬೇಕೋ ಅದರ ಬೆನ್ನಿಗೇ ಅಂಟಿಸಿ.

7/10

"ಎಲ್ಲಾ ಪ್ಲಾಸ್ಟಿಕ್ ಮತ್ತು ಗಾಜಿನ ಭಾಗಗಳಿಗೆ ವಾರಂಟಿ ಅನ್ವಯಿಸುವುದಿಲ್ಲ."

ನಂಗೆ ಬಹಳ ಇಷ್ಟವಾದ ಬಲೆ ಇದು, ಯಾಕಂದ್ರೆ ನಾವು ದಿನಾ ಇದರಲ್ಲೇ ಓಡಾಡ್ತೀವಿ, ಗೊತ್ತೇ ಆಗಲ್ಲ. "ಇವತ್ತು ಕ್ಲಾಸಿಗೆ ಎಲ್ಲರೂ ಬಂದಿಲ್ಲ" ಅಂತ ಸಿ.ಆರ್. ಹೇಳಿದರೆ ಏನರ್ಥ? ಕೆಲವರು ಬಂದಿದ್ದಾರೆ, ಕೆಲವರು ಬಂದಿಲ್ಲ. ಕ್ಲಾಸ್ ಪೂರ್ತಿ ಖಾಲಿ ಅಂತ ಯಾರೂ ತಿಳ್ಕೊಳ್ಳಲ್ಲ. ಖಾಲಿ ಇದ್ದರೆ "ಯಾರೂ ಬಂದಿಲ್ಲ" ಅಂತೀವಿ.

ಈಗ ಕಾರ್ಡ್ ಓದಿ. "ಎಲ್ಲಾ ಭಾಗಗಳಿಗೆ ಅನ್ವಯಿಸುವುದಿಲ್ಲ." ಗ್ರಾಹಕರು ಕ್ಲಾಸಿನ ಕನ್ನಡದಲ್ಲೇ ಓದ್ತಾರೆ: ಎಲ್ಲದಕ್ಕೂ ಇಲ್ಲ, ಕೆಲವಕ್ಕೆ ಇರಬೇಕು, ನಮ್ಮ ತರಕಾರಿ ಟ್ರೇ ಆ ಕೆಲವದರಲ್ಲಿ ಬರುತ್ತೇನೋ. ಕಂಪನಿ ಹೇಳಬೇಕಿದ್ದದ್ದು: ಒಂದಕ್ಕೂ ಇಲ್ಲ. "ಎಲ್ಲಾ" ಮತ್ತು "ಇಲ್ಲ" ಒಂದೇ ವಾಕ್ಯದಲ್ಲಿ ಸೇರಿದಾಗಲೆಲ್ಲ ಈ ಅನುಮಾನ ಹುಟ್ಟುತ್ತೆ.

ಕನ್ನಡದಲ್ಲಿ ಇದಕ್ಕೆ ಪಕ್ಕಾ ದಾರಿ ಇದೆ. "ಯಾವ" ಹಾಕಿ, ಕೊನೆಗೆ "ಊ" ಸೇರಿಸಿ: "ಪ್ಲಾಸ್ಟಿಕ್ಕಿನ ಯಾವ ಭಾಗಕ್ಕೂ, ಗಾಜಿನ ಯಾವ ಭಾಗಕ್ಕೂ ವಾರಂಟಿ ಇಲ್ಲ." ಇದಕ್ಕೆ ಎರಡನೇ ಅರ್ಥವೇ ಇಲ್ಲ.

ಒಂದು ಪ್ರಶ್ನೆ ಇನ್ನೂ ಉಳೀತು. "ಪ್ಲಾಸ್ಟಿಕ್ ಮತ್ತು ಗಾಜಿನ ಭಾಗ" ಅಂದರೆ ಪ್ಲಾಸ್ಟಿಕ್ಕೂ ಗಾಜೂ ಎರಡೂ ಇರೋ ಭಾಗವಾ, ಅಥವಾ ಎರಡರಲ್ಲಿ ಒಂದಾ? ಫ್ರಿಜ್ಜಿನ ಒಳಗಿನ ಗಾಜಿನ ತಟ್ಟೆಗೆ ಸುತ್ತ ಪ್ಲಾಸ್ಟಿಕ್ ಅಂಚು ಇರುತ್ತೆ, ಹಾಗಾಗಿ ಇದು ತಮಾಷೆಯ ಪ್ರಶ್ನೆ ಅಲ್ಲ. ಮೇಲಿನ ಹಾಗೆ "ಯಾವ ಭಾಗಕ್ಕೂ" ಎರಡು ಸಲ ಬರೆದರೆ ಅದೂ ಬಗೆಹರಿಯುತ್ತೆ. ಒಂದು ಪದ ಜಾಸ್ತಿ ಆಗುತ್ತೆ ಅಷ್ಟೇ.

8/10

ಈಗ ದೊಡ್ಡದು. "ಯಾವುದೇ ಪರಿಣಾಮಕಾರಿ ಹಾನಿಗಳಿಗೆ ಕಂಪನಿಯು ಜವಾಬ್ದಾರನಾಗಿರುವುದಿಲ್ಲ."

ಪರಿಣಾಮಕಾರಿ ಔಷಧ, ಪರಿಣಾಮಕಾರಿ ಭಾಷಣ ಗೊತ್ತು. ಪರಿಣಾಮಕಾರಿ ಹಾನಿ ಅಂದ್ರೆ ಏನು, ಚೆನ್ನಾಗಿ ಕೆಲಸ ಮಾಡೋ ಹಾನಿಯಾ? ಮೂಲದಲ್ಲಿ ಇದ್ದದ್ದು "ಕಾನ್ಸಿಕ್ವೆನ್ಷಿಯಲ್". ಒಂದು ನಷ್ಟದ ಬೆನ್ನಿಗೆ ಬರೋ ಇನ್ನೊಂದು ನಷ್ಟ. ಫ್ರಿಜ್ ಕೆಟ್ಟಿದ್ದು ಮೊದಲ ನಷ್ಟ. ಒಳಗಿದ್ದ ಹಾಲು, ಮಾಂಸ, ಇನ್ಸುಲಿನ್ ಹಾಳಾಗಿದ್ದು ಅದರ ಬೆನ್ನಿಗೆ ಬಂದ ನಷ್ಟ. ಈ ವ್ಯತ್ಯಾಸ ನಮ್ಮ ಕಾನೂನಿಗೆ ಹೊಸದಲ್ಲ. 1872ರ ಕರಾರು ಕಾಯ್ದೆಯ ಸೆಕ್ಷನ್ 73 ಪ್ರಕಾರ, ಕರಾರು ಮುರಿದದ್ದರಿಂದ ಸಹಜವಾಗಿ ಆಗೋ ನಷ್ಟಕ್ಕೆ, ಅಥವಾ ಹೀಗಾಗುತ್ತೆ ಅಂತ ಕರಾರಿನ ಹೊತ್ತಿಗೇ ಇಬ್ಬರಿಗೂ ಗೊತ್ತಿದ್ದ ನಷ್ಟಕ್ಕೆ ಪರಿಹಾರ ಇದೆ. ದೂರದ, ಪರೋಕ್ಷ ನಷ್ಟಕ್ಕೆ ಇಲ್ಲ.

"ಜವಾಬ್ದಾರಿ" ಪದದ್ದೂ ತೊಂದರೆಯೇ. ಮನೆಯ ಜವಾಬ್ದಾರಿ, ಕ್ಲಾಸಿನ ಜವಾಬ್ದಾರಿ ಅಂತೀವಿ, ಅಂದರೆ ನೋಡ್ಕೊಳ್ಳೋ ಕೆಲಸ. ಇಲ್ಲಿ ಹೇಳಬೇಕಿರೋದು ನೋಡ್ಕೊಳ್ಳೋದರ ಬಗ್ಗೆ ಅಲ್ಲ, ದುಡ್ಡು ಕೊಡೋದರ ಬಗ್ಗೆ. ಹಾಗಾದರೆ ಹಾಗೇ ಬರೆಯಿರಿ: "ಫ್ರಿಜ್ ಕೆಟ್ಟಿದ್ದರಿಂದ ಒಳಗಿಟ್ಟ ಆಹಾರ, ಔಷಧ ಹಾಳಾದರೆ ಅದಕ್ಕೆ ಪರಿಹಾರದ ಹಣ ಕೊಡುವ ಹೊಣೆ ಕಂಪನಿಗೆ ಇಲ್ಲ."

ಇಲ್ಲಿ ಒಂದು ಗೆರೆ ಎಳೀಬೇಕು. ಫ್ರಿಜ್ಜಿನ ದೋಷದಿಂದ ಶಾಕ್ ಹೊಡೆದು ಯಾರಿಗಾದರೂ ಪೆಟ್ಟಾದರೆ? ಅದು ಬರೀ ಕಾರ್ಡಿನ ವಿಷಯ ಅಲ್ಲ. ಉತ್ಪನ್ನದ ದೋಷದಿಂದ ದೇಹಕ್ಕೆ ಆಗೋ ಹಾನಿಗೆ ತಯಾರಕರ ಹೊಣೆ ಏನು ಅಂತ 2019ರ ಕಾಯ್ದೆ ಬೇರೆಯಾಗೇ ಹೇಳುತ್ತೆ. "ಯಾವುದೇ ಹಾನಿಗೂ ಜವಾಬ್ದಾರಿ ಇಲ್ಲ" ಅಂತ ಸಡಿಲವಾಗಿ ಅನುವಾದ ಮಾಡಿದರೆ, ಪೆಟ್ಟಾದವರು ಕಾರ್ಡ್ ಓದಿ ದೂರು ಕೊಡದೆ ಮನೇಲೇ ಕೂತ್ಕೋತಾರೆ. ಆ ಒಂದು ಅಗಲವಾದ ಪದದಿಂದ ಅವರು ಕಳ್ಕೊಳ್ಳೋದು ಆಸ್ಪತ್ರೆ ಖರ್ಚು. ಮೂಲ ಎಲ್ಲಿವರೆಗೆ ಹೋಗುತ್ತೆ ಅಂತ ಕೇಳಿ ತಿಳ್ಕೊಂಡೇ ಬರೀಬೇಕಾದ ಸಾಲು ಇದು.

9/10

"ವ್ಯತ್ಯಾಸ ಕಂಡುಬಂದಲ್ಲಿ ಇಂಗ್ಲಿಷ್ ಆವೃತ್ತಿಯೇ ಅಂತಿಮ."

ಇಲ್ಲಿಗೆ ಬಂದಾಗ ಕೆಲವರು ಹೇಳ್ತಾರೆ: "ಅದಿದೆಯಲ್ಲ, ಮತ್ಯಾಕೆ ಕನ್ನಡಕ್ಕೆ ಇಷ್ಟು ತಲೆ ಕೆಡಿಸ್ಕೋಬೇಕು? ಕೇಸ್ ಆದರೆ ಇಂಗ್ಲಿಷ್ ನೋಡ್ತಾರೆ." ಈ ಸಾಲೇ ಅನುವಾದಕರನ್ನ ಸೋಮಾರಿ ಮಾಡಿರೋದು ಅಂತ ನನ್ನ ಅಭಿಪ್ರಾಯ.

ಕಂಪನಿಯ ವಾದದಲ್ಲಿ ಹುರುಳಿಲ್ಲ ಅಂತಲ್ಲ. ಹತ್ತು ಭಾಷೆಯಲ್ಲಿ ಕಾರ್ಡ್ ಅಚ್ಚು ಹಾಕಿಸೋರು, ಹತ್ತರಲ್ಲಿ ಯಾವುದು ಮೂಲ ಅಂತ ಹೇಳಲೇಬೇಕು. ಇಲ್ಲದಿದ್ದರೆ ಒಂದೇ ಫ್ರಿಜ್ಜಿಗೆ ಹತ್ತು ಕರಾರು ಆಗುತ್ತೆ. ಆದರೆ ಇನ್ನೊಂದು ತತ್ವವೂ ಇದೆ. ಕರಾರಿನ ಮಾತಿಗೆ ಎರಡು ಅರ್ಥ ಬಂದರೆ, ಅದನ್ನ ಬರೆದವರಿಗೆ ವಿರುದ್ಧವಾದ ಅರ್ಥವನ್ನ ಹಿಡೀಬೇಕು ಅನ್ನೋದು. ವಿಮೆ ಪಾಲಿಸಿಗಳ ಪ್ರಕರಣಗಳಲ್ಲಿ ನಮ್ಮ ಸುಪ್ರೀಂ ಕೋರ್ಟ್ ಕೂಡ ಇದನ್ನ ಬಳಸಿದೆ. "ಇಂಗ್ಲಿಷೇ ಅಂತಿಮ" ಅನ್ನೋ ಸಾಲಿನಿಂದ, ಕನ್ನಡದ ಗೊಂದಲದ ಲಾಭ ಕನ್ನಡ ಓದಿದವರಿಗೆ ಸಿಗೋ ದಾರಿ ಇಕ್ಕಟ್ಟಾಗುತ್ತೆ. ಗೊಂದಲ ಮಾಡಿದ್ದು ಕಂಪನಿ, ಅದರ ನಷ್ಟ ಮಾತ್ರ ಓದಿದವರಿಗೆ.

ನಾನು ಕೇಳೋದು ಎರಡೇ. ಒಂದು, ಆ ಸಾಲು ಇರಲೇಬೇಕು ಅಂದ್ರೆ ಕಾರ್ಡಿನ ಮೊದಲಲ್ಲೇ ಇರಲಿ, ಕೊನೆಯಲ್ಲಿ ಬೇಡ. ಎರಡು, ವ್ಯತ್ಯಾಸದ ನಷ್ಟ ಕಂಪನಿಯೇ ಹೊರಲಿ: ಕನ್ನಡದಲ್ಲಿ ಹೆಚ್ಚು ಕೊಡ್ತೀವಿ ಅಂತ ಬರೆದಿದ್ದರೆ ಕನ್ನಡ ಓದಿ ಕೊಂಡವರಿಗೆ ಅಷ್ಟನ್ನ ಕೊಡಲಿ. ಹೀಗೆ ಮಾಡಿದ ದಿನ ಒಳ್ಳೆ ಅನುವಾದಕ್ಕೆ ಒಳ್ಳೆ ದುಡ್ಡೂ ಸಿಗುತ್ತೆ, ಸಮಯಾನೂ ಸಿಗುತ್ತೆ.

ಕಾನೂನು ಈ ಕಡೆ ಸ್ವಲ್ಪ ಕಾಲಿಟ್ಟಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ನಿಮ್ಮ ಮಾಹಿತಿ ಬಳಸೋಕೆ ಒಪ್ಪಿಗೆ ಕೇಳುವಾಗ ಅದನ್ನ ಇಂಗ್ಲಿಷ್ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದೋ ಆಯ್ಕೆ ಕೊಡಬೇಕು, ಸರಳ ಸ್ಪಷ್ಟ ಮಾತಲ್ಲಿ ಇರಬೇಕು ಅನ್ನುತ್ತೆ. ಆ 22 ಭಾಷೆಗಳಲ್ಲಿ ಕನ್ನಡವೂ ಇದೆ. ಫ್ರಿಜ್ಜಿನ ವಾರಂಟಿ ಆ ಕಾಯ್ದೆಯೊಳಗೆ ಬರಲ್ಲ. ಮಾಹಿತಿಗೆ ಒಪ್ಪಿಗೆ ಕೊಡೋಕೆ ಸ್ಪಷ್ಟ ಕನ್ನಡ ಬೇಕು ಅನ್ನೋದಾದರೆ, ದುಡ್ಡು ಕೊಟ್ಟು ಕೊಂಡ ವಸ್ತುವಿಗೆ ಯಾಕೆ ಬೇಡ?

10/10

ಈಗ ಅದೇ ಕಾರ್ಡ್, ಹೊಸದಾಗಿ:

"ನೀವು ಫ್ರಿಜ್ ಕೊಂಡ ದಿನದಿಂದ ಒಂದು ವರ್ಷದೊಳಗೆ ತಯಾರಿಕೆಯ ದೋಷದಿಂದ ಯಾವುದಾದರೂ ಭಾಗ ಕೆಟ್ಟರೆ, ಆ ವರ್ಷದೊಳಗೆ ನೀವು ದೂರು ಕೊಡಬೇಕು. ದೂರು ಬಂದ ಮೇಲೆ, ಹಣ ಪಡೆಯದೆ ಅದನ್ನು ಸರಿ ಮಾಡಿಕೊಡುವುದು ಕಂಪನಿಯ ಹೊಣೆ. ರಿಪೇರಿ ಮಾಡುವುದೋ ಹೊಸ ಭಾಗ ಹಾಕುವುದೋ ಎಂಬುದನ್ನು ಕಂಪನಿ ತೀರ್ಮಾನಿಸುತ್ತದೆ. ಈ ಆಯ್ಕೆ ಗ್ರಾಹಕರಿಗೆ ಇಲ್ಲ. ಕಂಪ್ರೆಸರ್‌ಗೆ ಮಾತ್ರ 10 ವರ್ಷ ವಾರಂಟಿ ಇದೆ. ಮೊದಲ ವರ್ಷದ ನಂತರ ಕಂಪ್ರೆಸರ್‌ನ ಬೆಲೆ ಕಂಪನಿಯದು. ಗ್ಯಾಸ್, ಕೂಲಿ, ಓಡಾಟದ ಖರ್ಚು ನಿಮ್ಮದು. ಪ್ಲಾಸ್ಟಿಕ್ಕಿನ ಯಾವ ಭಾಗಕ್ಕೂ, ಗಾಜಿನ ಯಾವ ಭಾಗಕ್ಕೂ ವಾರಂಟಿ ಇಲ್ಲ. ಫ್ರಿಜ್ ಕೆಟ್ಟಿದ್ದರಿಂದ ಒಳಗಿಟ್ಟ ಆಹಾರ, ಔಷಧ ಹಾಳಾದರೆ ಅದಕ್ಕೆ ಪರಿಹಾರದ ಹಣ ಕೊಡುವ ಹೊಣೆ ಕಂಪನಿಗೆ ಇಲ್ಲ."

ಉದ್ದ ಸುಮಾರು ಎರಡರಷ್ಟಾಯ್ತು. ದೂರಿನ ಗಡುವು, ಖರ್ಚಿನ ಹಂಚಿಕೆ, ನಷ್ಟದ ಎಲ್ಲೆ, ಈ ಮೂರನ್ನೂ ಕಂಪನಿಯನ್ನ ಕೇಳಿ ಖಚಿತ ಮಾಡ್ಕೊಂಡೇ ಬರೀಬೇಕು. ಅವರ ಉತ್ತರ ಬೇರೆ ಇದ್ದರೆ ಸಾಲೂ ಬೇರೆ. ಕಾರ್ಡ್ ಓದಿದರೆ ಗ್ರಾಹಕರಿಗೆ ಖುಷಿ ಆಗಲ್ಲ, ಷರತ್ತು ಅಷ್ಟೇ ಬಿಗಿ ಇದೆ. ಅನ್ಯಾಯದ ಷರತ್ತನ್ನ ಅನುವಾದಕರು ನ್ಯಾಯ ಮಾಡೋಕಾಗಲ್ಲ. ಅದನ್ನ ಅನೂರ್ಜಿತ ಅಂತ ಘೋಷಿಸೋ ಅಧಿಕಾರ 2019ರ ಕಾಯ್ದೆ ರಾಜ್ಯ ಮತ್ತು ರಾಷ್ಟ್ರೀಯ ಗ್ರಾಹಕ ಆಯೋಗಗಳಿಗೆ ಕೊಟ್ಟಿದೆ. ಆದರೆ ಅಲ್ಲಿಗೆ ಹೋಗೋಕೆ ಮುಂಚೆ ಷರತ್ತು ಅನ್ಯಾಯದ್ದು ಅಂತ ಓದಿದವರಿಗೆ ತಿಳೀಬೇಕಲ್ಲ?

ಪರೀಕ್ಷೆ ಮಾಡೋ ವಿಧಾನ ಹೇಳಿ ಮುಗಿಸ್ತೀನಿ. ಕನ್ನಡದ್ದನ್ನ ಮಾತ್ರ, ಇಂಗ್ಲಿಷ್ ನೋಡಿಲ್ಲದ ಇಬ್ಬರಿಗೆ ಕೊಡಿ. ಒಬ್ಬರು ಅದನ್ನ ವಾಪಸ್ ಇಂಗ್ಲಿಷಿಗೆ ಮಾಡಲಿ, ಮೂಲದ ಪಕ್ಕ ಇಟ್ಟು ಕರ್ತೃ ಕರ್ತೃ ಹೋಲಿಸಿ. ಇನ್ನೊಬ್ಬರು ಮನೆಯವರೇ ಆಗಿರಲಿ, ಅಮ್ಮನೋ ಚಿಕ್ಕಪ್ಪನೋ. ಅವರಿಗೆ ನಾಲ್ಕು ಪ್ರಶ್ನೆ ಕೇಳಿ: ಯಾರು ಮಾಡಬೇಕು? ಏನು ಮಾಡಬೇಕು? ಯಾವತ್ತಿಂದ ಯಾವತ್ತಿನವರೆಗೆ? ಯಾರ ದುಡ್ಡು? ಒಂದು ಪ್ರಶ್ನೆಗಾದರೂ ಅವರು "ಗೊತ್ತಾಗ್ಲಿಲ್ಲ ಕಣೋ" ಅಂದರೆ, ಇಲ್ಲಾ ನೀವು ಬರೆದದ್ದಕ್ಕಿಂತ ಬೇರೆ ಉತ್ತರ ಕೊಟ್ಟರೆ, ಫೈಲ್ ಕಳಿಸಬೇಡಿ.

ನಿಮ್ಮ ಮನೇಲಿರೋ ಯಾವುದಾದರೂ ಕನ್ನಡ ಕಾರ್ಡ್ ತೆಗೆದು, "ಲಾಗುವುದು" ಎಷ್ಟಿದೆ ಎಣಿಸಿ ಕಾಮೆಂಟಲ್ಲಿ ಹಾಕಿ. ಕಂಪನಿ ಹೆಸರು ಬೇಡ, ಸಾಲು ಸಾಕು. ಒಳ್ಳೇ ಸಾಲು ಸಿಕ್ಕರೂ ಹಾಕಿ, ಕಲ್ತುಕೊಳ್ಳೋಣ.

#ಕನ್ನಡ #ಅನುವಾದ #ವಾರಂಟಿಕಾರ್ಡ್ #ಗ್ರಾಹಕರಹಕ್ಕು